ನಡೆದದ್ದೆಷ್ಟು, ಫೋನ್ ಹೇಳಿದ್ದೆಷ್ಟು?

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ ಎಷ್ಟು ದೂರ? ಹತ್ತಿಳಿದವರನ್ನು ಕೇಳಿದರೆ ಒಬ್ಬರು 11 ಕಿಲೋಮೀಟರ್ ಅನ್ನುತ್ತಾರೆ, ಇನ್ನೊಬ್ಬರು 14 ಅನ್ನುತ್ತಾರೆ. ಫೋನಿನಲ್ಲಿ ದಾರಿ ದಾಖಲಿಸಿಕೊಂಡವರು ಆ್ಯಪ್ ತೆರೆದು ಅದಕ್ಕಿಂತಲೂ ದೊಡ್ಡ ಸಂಖ್ಯೆಯನ್ನು ತೋರಿಸುವುದುಂಟು. ಗುಡ್ಡವೂ ಅದೇ, ಕಾಲುದಾರಿಯೂ ಅದೇ. ಅಳತೆ ಮಾತ್ರ ಬೇರೆ ಬೇರೆ. ಇದನ್ನು ನೋಡಿದ ಹೆಚ್ಚಿನವರು, ಜಿಪಿಎಸ್ ಅಂದಮೇಲೆ ಅಷ್ಟಿಷ್ಟು ಹೆಚ್ಚುಕಡಿಮೆ ಇದ್ದದ್ದೇ, ಒಟ್ಟಿನಲ್ಲಿ ಸರಿಹೋಗುತ್ತದೆ ಎಂದು ಸುಮ್ಮನಾಗುತ್ತಾರೆ. ಈ ನಂಬಿಕೆ ತಪ್ಪು ಎಂಬುದೇ ನನ್ನ ಇಂದಿನ ವಾದ. ಜಿಪಿಎಸ್ ಬಿಂದುವಿನ ತಪ್ಪು ಎಡಕ್ಕೂ ಆಗುತ್ತದೆ, ಬಲಕ್ಕೂ ಆಗುತ್ತದೆ, ನಿಜ. ಆದರೆ ಆ ಬಿಂದುಗಳನ್ನು ಜೋಡಿಸಿ ದೂರ ಲೆಕ್ಕ ಹಾಕಿದಾಗ ತಪ್ಪು ಬಹುಮಟ್ಟಿಗೆ ಒಂದೇ ಕಡೆಗೆ ವಾಲುತ್ತದೆ: ದೂರ ಹೆಚ್ಚುತ್ತದೆ. ಒಂದೇ ಕಡೆ ವಾಲುವ ತಪ್ಪು ಸರಾಸರಿಯಲ್ಲಿ ಕರಗುವುದಿಲ್ಲ. ಅದನ್ನು ಹುಡುಕಿ, ಕಾರಣ ತಿಳಿದು, ಕ್ರಮವಾಗಿ ತೆಗೆಯಬೇಕು. ಹಾಗೆ ತೆಗೆಯುವುದಕ್ಕೆ ಕುಮಾರ ಪರ್ವತಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಕುಕ್ಕೆಯಿಂದ ಭಟ್ಟರ ಮನೆಯವರೆಗೆ ದಾರಿ ದಟ್ಟ ಕಾಡಿನೊಳಗೆ ಸಾಗುತ್ತದೆ. ಅಲ್ಲಿಂದ ಮೇಲೆ ಕಲ್ಲು ಮಂಟಪ ದಾಟಿ ಶೇಷ ಪರ್ವತದವರೆಗೆ ಬಹುಪಾಲು ತೆರೆದ ಹುಲ್ಲುಗುಡ್ಡ. ಕೊನೆಗೆ ತುದಿಗೆ ಮುಂಚೆ ಮತ್ತೊಂದು ತುಂಡು ಕಾಡು. ಒಂದೇ ದಿನದ ಒಂದೇ ದಾಖಲೆಯಲ್ಲಿ ಕೆಟ್ಟ ಸಂಕೇತ, ಒಳ್ಳೆಯ ಸಂಕೇತ ಎರಡೂ ಸಿಗುತ್ತವೆ.

ಮೊದಲು ಫೋನ್ ಏನನ್ನು ದಾಖಲಿಸುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಚಾರಣದ ದಾಖಲೆಯನ್ನು ಸಾಮಾನ್ಯವಾಗಿ ಜಿಪಿಎಕ್ಸ್ ಎಂಬ ಕಡತವಾಗಿ ಹೊರತೆಗೆಯಬಹುದು. ಅದನ್ನು ಬಿಚ್ಚಿದರೆ ಕಾಣುವುದು ದಾರಿಯಲ್ಲ, ಸಾಲು ಸಾಲು ಬಿಂದುಗಳು. ಪ್ರತಿ ಬಿಂದುವಿಗೂ ಒಂದು ಅಕ್ಷಾಂಶ, ಒಂದು ರೇಖಾಂಶ, ಒಂದು ಎತ್ತರ, ಒಂದು ಸಮಯ. ಸಮಯ ನಮ್ಮ ಗಡಿಯಾರದ್ದಲ್ಲ, ವಿಶ್ವಮಾನ ಕಾಲ. ಆದ್ದರಿಂದ ಬೆಳಗಿನ 6 ಗಂಟೆಗೆ ಹೊರಟದ್ದು ಕಡತದಲ್ಲಿ 0 ಗಂಟೆ 30 ನಿಮಿಷ ಎಂದಿರುತ್ತದೆ. ಅಕ್ಷಾಂಶದಲ್ಲಿ ದಶಮಾಂಶದ ಐದನೇ ಅಂಕಿ ಒಂದು ಬದಲಾದರೆ ನೆಲದ ಮೇಲೆ ಸುಮಾರು 1.1 ಮೀಟರ್ ಸರಿದಂತೆ. ಎಷ್ಟೋ ಕಡತಗಳಲ್ಲಿ ಆರು, ಏಳು ಅಂಕಿಗಳಿರುತ್ತವೆ. ಅಷ್ಟು ಅಂಕಿ ಇದೆ ಎಂದ ಮಾತ್ರಕ್ಕೆ ಅಷ್ಟು ನಿಖರತೆ ಇದೆ ಎಂದಲ್ಲ. ತೆರೆದ ಆಕಾಶದ ಕೆಳಗೆ ಸಾಮಾನ್ಯ ಸ್ಮಾರ್ಟ್‌ಫೋನಿನ ಜಿಪಿಎಸ್ ಸುಮಾರು 5 ಮೀಟರ್ ತ್ರಿಜ್ಯದೊಳಗೆ ಸ್ಥಳ ಹೇಳುತ್ತದೆ ಎಂದು ಅಮೆರಿಕ ಸರ್ಕಾರದ ಜಿಪಿಎಸ್ ಮಾಹಿತಿಯೇ ತಿಳಿಸುತ್ತದೆ. ಕಾಡಿನೊಳಗೆ ಅದು ಇನ್ನೂ ಕೆಡುತ್ತದೆ. ಉಪಗ್ರಹಗಳು 20,000 ಕಿಲೋಮೀಟರಿಗೂ ಎತ್ತರದಿಂದ ಕಳಿಸುವ ಸಂಕೇತ ನೆಲ ಮುಟ್ಟುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ನೀರು ತುಂಬಿದ ಎಲೆಗಳು ಅದನ್ನು ಇನ್ನಷ್ಟು ಹೀರುತ್ತವೆ, ಬಂಡೆಯೂ ಮರದ ಕಾಂಡವೂ ಅದನ್ನು ಚದುರಿಸುತ್ತವೆ, ಕಣಿವೆಯ ಗೋಡೆ ಅರ್ಧ ಆಕಾಶವನ್ನೇ ಮರೆಮಾಡುತ್ತದೆ. ನೇರವಾಗಿ ಬಂದ ಸಂಕೇತದ ಬದಲು ಬಂಡೆಗೆ ಬಡಿದು ಬಳಸಿ ಬಂದದ್ದು ಕೈಗೆ ಸಿಕ್ಕಿದರೆ, ಬಳಸಿದ ಒಂದೊಂದು ಮೀಟರೂ ಅಳತೆಯೊಳಗೆ ತಪ್ಪಾಗಿ ಸೇರುತ್ತದೆ.

ಈಗ ವಾದದ ತಿರುಳಿಗೆ ಬರೋಣ. ತಪ್ಪುಗಳು ಎಡಬಲ ಎರಡೂ ಕಡೆ ಆಗುವುದಾದರೆ ಅವು ಪರಸ್ಪರ ಹೊಡೆದುಹೋಗಬೇಡವೇ ಎಂಬ ಪ್ರಶ್ನೆ ಸಹಜ. ಸ್ಥಳದ ವಿಷಯದಲ್ಲಿ ಹೊಡೆದುಹೋಗುತ್ತವೆ. ಒಂದೇ ಕಡೆ ಬಹಳ ಹೊತ್ತು ಕೂತು ಸಾವಿರ ಬಿಂದುಗಳ ಸರಾಸರಿ ತೆಗೆದರೆ ಆ ಜಾಗ ಇನ್ನಷ್ಟು ಚೆನ್ನಾಗಿ ಗೊತ್ತಾಗುತ್ತದೆ. ಆದರೆ ದೂರಕ್ಕೆ ಎಡಬಲ ಇಲ್ಲ; ದೂರ ಎಂದೂ ಋಣ ಸಂಖ್ಯೆಯಾಗುವುದಿಲ್ಲ. ಗಡಿರೇಖೆಯ ಮೇಲೆ ನೂಲಿಟ್ಟು ಭೂಪಟದಲ್ಲಿ ಅಳೆಯುವವನ ಕೈ ನಡುಗಿದರೆ ನೂಲು ಗೆರೆಯ ಎಡಕ್ಕೆ ಹೋದಾಗಲೂ ಹೆಚ್ಚು ಖರ್ಚಾಗುತ್ತದೆ, ಬಲಕ್ಕೆ ಹೋದಾಗಲೂ ಹೆಚ್ಚು ಖರ್ಚಾಗುತ್ತದೆ. ಉಳಿತಾಯವಾಗುವ ಕಡೆ ಒಂದೂ ಇಲ್ಲ. ಇದನ್ನೇ ಶಾಲೆಯಲ್ಲಿ ಕಲಿತ ಪೈಥಾಗರಸ್ ಪ್ರಮೇಯದಲ್ಲಿ ಹೇಳಬಹುದು. ಏರುದಾರಿಯಲ್ಲಿ ಚಾರಣಿಗ ಒಂದು ಸೆಕೆಂಡಿಗೆ 0.6 ಮೀಟರ್ ಮುಂದೆ ಹೋಗುತ್ತಾನೆ ಎನ್ನೋಣ. ಅದೇ ಸೆಕೆಂಡಿನಲ್ಲಿ ಜಿಪಿಎಸ್ ಬಿಂದು ಪಕ್ಕಕ್ಕೆ ಅಷ್ಟೇ 0.6 ಮೀಟರ್ ಹೊಯ್ದಾಡಿದರೆ, ಎರಡು ಬಿಂದುಗಳ ನಡುವಿನ ಗೆರೆ ಲಂಬಕೋನ ತ್ರಿಭುಜದ ಕರ್ಣವಾಗುತ್ತದೆ. ಅದರ ಉದ್ದ 0.85 ಮೀಟರ್. ನಡೆದದ್ದಕ್ಕಿಂತ ಶೇಕಡಾ 40ರಷ್ಟು ಜಾಸ್ತಿ. ಮುಂದಿನ ಸೆಕೆಂಡಿನಲ್ಲಿ ಬಿಂದು ಆ ಕಡೆಯಿಂದ ಈ ಕಡೆಗೆ ವಾಪಸು ಬಂದರೂ ಮತ್ತೆ ಕರ್ಣವೇ, ಮತ್ತೆ ಹೆಚ್ಚುವರಿಯೇ. 2016ರಲ್ಲಿ ಪೀಟರ್ ರಾನಾಖರ್ ಮತ್ತು ಸಂಗಡಿಗರು ಒಂದು ಅಂತರರಾಷ್ಟ್ರೀಯ ಭೌಗೋಳಿಕ ಮಾಹಿತಿ ವಿಜ್ಞಾನ ಪತ್ರಿಕೆಯಲ್ಲಿ, ಜಿಪಿಎಸ್ ದೂರಗಳನ್ನು ಇರುವುದಕ್ಕಿಂತ ಏಕೆ ಹಿಗ್ಗಿಸುತ್ತದೆ ಎಂಬ ವಿಷಯವನ್ನೇ ಶೀರ್ಷಿಕೆಯಾಗಿಟ್ಟು ಇದನ್ನು ಗಣಿತದ ಮೂಲಕ ಸಾಧಿಸಿ ತೋರಿಸಿದರು. ಅವರ ಲೆಕ್ಕದಿಂದ ಇನ್ನೊಂದು ಉಪಯುಕ್ತ ಸಂಗತಿ ತಿಳಿಯುತ್ತದೆ. ಅಕ್ಕಪಕ್ಕದ ಎರಡು ಬಿಂದುಗಳ ತಪ್ಪು ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಇದ್ದರೆ ದೂರ ಅಷ್ಟಾಗಿ ಕೆಡುವುದಿಲ್ಲ. ಇಡೀ ದಾರಿ 5 ಮೀಟರ್ ಪಕ್ಕಕ್ಕೆ ಸರಿದರೂ ಅದರ ಉದ್ದ ಬದಲಾಗದು. ದೂರವನ್ನು ಕೆಡಿಸುವುದು ಬಿಂದುವಿನಿಂದ ಬಿಂದುವಿಗೆ ತಪ್ಪು ಬದಲಾಗುವ ರೀತಿ. ಆದ್ದರಿಂದಲೇ ಹೆಚ್ಚು ಬಿಂದು ದಾಖಲಿಸಿದಷ್ಟೂ ಅಳತೆ ನಿಖರವಾಗುತ್ತದೆ ಎಂಬ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ. ಚಿಕ್ಕ ಹೆಜ್ಜೆಗೆ ಹೋಲಿಸಿದರೆ ಹೊಯ್ದಾಟ ದೊಡ್ಡದು.

ಈ ವಾದವನ್ನು ಒಂದು ಮಾದರಿ ಲೆಕ್ಕದಲ್ಲಿ ಇಟ್ಟು ನೋಡೋಣ. ಬೆಳಿಗ್ಗೆ 6ಕ್ಕೆ ಕುಕ್ಕೆಯಿಂದ ಹೊರಟು ಮಧ್ಯಾಹ್ನ 1 ಗಂಟೆಗೆ ತುದಿ ತಲುಪಿದ್ದು, ಒಟ್ಟು 7 ತಾಸು. ಫೋನ್ ಸೆಕೆಂಡಿಗೊಂದು ಬಿಂದು ಬರೆದಿದೆ. ಸುಮಾರು 25,000 ಬಿಂದು. ಆ್ಯಪ್ ತೋರಿಸುವ ದೂರ 16.4 ಕಿಲೋಮೀಟರ್. ದೂರ ಲೆಕ್ಕ ಹಾಕುವ ಬಗೆಯಲ್ಲೇ ತಪ್ಪಾಗಿದೆಯೇ ಎಂಬುದನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು. ಕುಮಾರ ಪರ್ವತ ಇರುವ ಅಕ್ಷಾಂಶದಲ್ಲಿ, ಅಂದರೆ ಸುಮಾರು 12.66 ಡಿಗ್ರಿಯಲ್ಲಿ, ಒಂದು ಡಿಗ್ರಿ ಅಕ್ಷಾಂಶಕ್ಕೆ 110.6 ಕಿಲೋಮೀಟರ್, ಒಂದು ಡಿಗ್ರಿ ರೇಖಾಂಶಕ್ಕೆ 108.6 ಕಿಲೋಮೀಟರ್. ಎರಡು ಬಿಂದುಗಳ ನಡುವಿನ ಅಕ್ಷಾಂಶದ ವ್ಯತ್ಯಾಸವನ್ನು ಮೊದಲನೆಯದರಿಂದಲೂ ರೇಖಾಂಶದ ವ್ಯತ್ಯಾಸವನ್ನು ಎರಡನೆಯದರಿಂದಲೂ ಗುಣಿಸಿ, ಎರಡರ ವರ್ಗಗಳನ್ನು ಕೂಡಿಸಿ, ವರ್ಗಮೂಲ ತೆಗೆದರೆ ಇಷ್ಟು ಚಿಕ್ಕ ದೂರಕ್ಕೆ ಧಾರಾಳವಾಗಿ ಸಾಕು. ಇದನ್ನು ಯಾವ ಸ್ಪ್ರೆಡ್‌ಶೀಟಿನಲ್ಲೂ ಮಾಡಬಹುದು. ನಮ್ಮಲ್ಲಿ ಈ ಎರಡು ಸಂಖ್ಯೆ ಹತ್ತಿರ ಹತ್ತಿರ ಇರುವುದರಿಂದ ಒಂದನ್ನೇ ಎರಡಕ್ಕೂ ಬಳಸಿದರೂ ದೊಡ್ಡ ಅನಾಹುತವಿಲ್ಲ. ಅದೇ ಲೆಕ್ಕವನ್ನು ಹಿಮಾಚಲದ ಚಾರಣಕ್ಕೆ ಹಾಗೆಯೇ ಬಳಸಿದರೆ ಪೂರ್ವ ಪಶ್ಚಿಮದ ದೂರ ಶೇಕಡಾ 15ಕ್ಕೂ ಹೆಚ್ಚು ಕೆಡುತ್ತದೆ. ಕುಮಾರ ಪರ್ವತದಲ್ಲಿ ಸೂತ್ರದಿಂದ ಬರುವ ತಪ್ಪು ಹೆಚ್ಚೆಂದರೆ ಶೇಕಡಾ 2. ಉಳಿದದ್ದೆಲ್ಲ ಬಿಂದುಗಳದ್ದೇ.

ಶುದ್ಧೀಕರಣದ ಮೊದಲ ಹೆಜ್ಜೆ ಜಿಗಿತಗಳನ್ನು ತೆಗೆಯುವುದು. ಕಾಡಿನಲ್ಲಿ ಸಂಕೇತ ಕೈಕೊಟ್ಟ ಕ್ಷಣದಲ್ಲಿ ಬಿಂದುವೊಂದು ದಾರಿಯಿಂದ 60 ಮೀಟರ್ ಆಚೆ ಹಾರಿ, ಮರುಕ್ಷಣ ಮರಳಿ ಬರುತ್ತದೆ. ಭೂಪಟದ ಮೇಲೆ ಅದು ಮುಳ್ಳಿನಂತೆ ಚಾಚಿಕೊಂಡು ಕಾಣುತ್ತದೆ. ಹೋದದ್ದು 60, ಬಂದದ್ದು 60. ಒಂದೊಂದು ಮುಳ್ಳಿಗೂ 120 ಮೀಟರ್ ಖೊಟ್ಟಿ ದೂರ. ಇದನ್ನು ಹಿಡಿಯುವುದು ಸುಲಭ, ಏಕೆಂದರೆ ಒಂದು ಸೆಕೆಂಡಿಗೆ 60 ಮೀಟರ್ ಅಂದರೆ ತಾಸಿಗೆ 216 ಕಿಲೋಮೀಟರ್ ವೇಗ. ಬೆನ್ನ ಮೇಲೆ ಚೀಲ ಹೊತ್ತು ಏರುವವರು ಸೆಕೆಂಡಿಗೆ 3 ಮೀಟರ್ ದಾಟುವುದಿಲ್ಲ ಎಂದು ಮಿತಿ ಇಟ್ಟು, ಅದನ್ನು ಮೀರಿದ ಬಿಂದುವನ್ನು ಕೈಬಿಡಬೇಕು. ಆದರೆ ಇಲ್ಲೊಂದು ಎಡವಟ್ಟಿಗೆ ಅವಕಾಶವಿದೆ. ಹಿಂದಿನ ಬಿಂದುವಿಗೆ ಮಾತ್ರ ಹೋಲಿಸುತ್ತಾ ಹೋದರೆ, ಆ ಹಿಂದಿನ ಬಿಂದುವೇ ಕೆಟ್ಟದ್ದಾಗಿದ್ದಲ್ಲಿ ನಂತರದ ಒಳ್ಳೆಯ ಬಿಂದುಗಳೆಲ್ಲ ತಪ್ಪಿತಸ್ಥರಾಗಿ ಹೊರಬೀಳುತ್ತವೆ. ಹೊರಡುವ ಕ್ಷಣದಲ್ಲಿ ಫೋನ್ ಇನ್ನೂ ಉಪಗ್ರಹಗಳನ್ನು ಹುಡುಕುತ್ತಿರುವಾಗ ಬರೆದ ಮೊದಲ ಕೆಲವು ಬಿಂದುಗಳಲ್ಲಿ ಇದು ಹೆಚ್ಚಾಗಿ ಆಗುತ್ತದೆ. ಆದ್ದರಿಂದ ಬಿಂದುವನ್ನು ಹಿಂದಿನದಕ್ಕೂ ಮುಂದಿನದಕ್ಕೂ ಹೋಲಿಸಬೇಕು. ಎರಡೂ ಕಡೆಯಿಂದ ಅಸಾಧ್ಯ ವೇಗ ಬಂದರೆ ಮಾತ್ರ ಅದು ಮುಳ್ಳು. ಕಡತದಲ್ಲಿ ಫೋನ್ ತಾನೇ ಅಂದಾಜಿಸಿದ ನಿಖರತೆಯೂ ಇದ್ದರೆ, 30 ಮೀಟರಿಗಿಂತ ಕೆಟ್ಟದ್ದನ್ನು ಮೊದಲೇ ಬದಿಗಿಡಬಹುದು. ನಮ್ಮ ಮಾದರಿಯಲ್ಲಿ ಇಂಥ ಏಳು ಮುಳ್ಳುಗಳಿದ್ದವು ಎನ್ನೋಣ. ಅವನ್ನು ಕಿತ್ತರೆ 16.4 ಇದ್ದದ್ದು 15.6 ಕಿಲೋಮೀಟರಿಗೆ ಇಳಿಯುತ್ತದೆ.

ಎರಡನೆಯದು ವಿಶ್ರಾಂತಿಯ ಹೊತ್ತನ್ನು ಗುರುತಿಸುವುದು. ಇಡೀ ಕೆಲಸದಲ್ಲಿ ಜನ ಹೆಚ್ಚಾಗಿ ಮರೆಯುವ ಹೆಜ್ಜೆ ಇದೇ, ವೇಗದ ಲೆಕ್ಕವನ್ನು ಅತಿ ಹೆಚ್ಚು ಕೆಡಿಸುವುದೂ ಇದೇ. ಭಟ್ಟರ ಮನೆಯಲ್ಲಿ ಊಟಕ್ಕೆ ಒಂದು ತಾಸು ಕೂತವರು ಒಂದು ಮೀಟರೂ ನಡೆದಿರುವುದಿಲ್ಲ, ಆದರೆ ಫೋನಿನ ಬಿಂದು ಸುಮ್ಮನೆ ಕೂರುವುದಿಲ್ಲ. ಉಪಗ್ರಹಗಳು ಆಕಾಶದಲ್ಲಿ ಸರಿಯುತ್ತಿರುತ್ತವೆ, ಬಳಸಿ ಬರುವ ಸಂಕೇತ ಬದಲಾಗುತ್ತಿರುತ್ತದೆ, ಹಾಗಾಗಿ ಬಿಂದು ಕೂತ ಜಾಗದ ಸುತ್ತ ತೆವಳುತ್ತಿರುತ್ತದೆ. ಸೆಕೆಂಡಿಗೆ ಬರೀ 20 ಸೆಂಟಿಮೀಟರ್ ತೆವಳಿದರೂ ಒಂದು ತಾಸಿಗೆ 720 ಮೀಟರ್ ಆಗುತ್ತದೆ. ಭೂಪಟವನ್ನು ಹಿಗ್ಗಿಸಿ ನೋಡಿದರೆ ಅಂಥ ಕಡೆ ದಾರಿಯ ಬದಲು ನೂಲಿನ ಗಂಟು ಕಾಣುತ್ತದೆ. ಇದನ್ನು ಕ್ಷಣದ ವೇಗದಿಂದ ಹಿಡಿಯಲು ಹೋದರೆ ಸೋಲುತ್ತೇವೆ, ಏಕೆಂದರೆ ಸೆಕೆಂಡಿನ ಅಳತೆಯಲ್ಲಿ ತೆವಳುವಿಕೆಗೂ ಕಡಿದಾದ ಏರಿನ ನಡಿಗೆಗೂ ಅಂಥ ವ್ಯತ್ಯಾಸವಿಲ್ಲ. ಎರಡು ನಿಮಿಷದ ಅಳತೆಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ತಾಸಿಗೆ ಒಂದೂವರೆ ಕಿಲೋಮೀಟರಿನಷ್ಟು ನಿಧಾನ ಏರಿದರೂ ಎರಡು ನಿಮಿಷದಲ್ಲಿ 50 ಮೀಟರ್ ಮುಂದೆ ಹೋಗಿರುತ್ತಾರೆ. ಕೂತವರ ಬಿಂದು ತೆವಳಿ ತೆವಳಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಎರಡು ನಿಮಿಷದ ಎಲ್ಲ ಬಿಂದುಗಳೂ 15 ಮೀಟರ್ ತ್ರಿಜ್ಯದ ವೃತ್ತದೊಳಗಿದ್ದರೆ ಅದು ವಿಶ್ರಾಂತಿ ಎಂಬ ನಿಯಮ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಆ ಗಂಟಿನ ಬಿಂದುಗಳೆಲ್ಲ ಹೋಗಿ ನಡುವಿನ ಒಂದು ಬಿಂದು ಉಳಿಯಲಿ, ಆದರೆ ಕೂತ ಸಮಯ ಮತ್ತು ಎದ್ದ ಸಮಯ ಎರಡನ್ನೂ ಬರೆದಿಟ್ಟುಕೊಳ್ಳಬೇಕು. ಮುಳ್ಳುಗಳನ್ನು ಮೊದಲೇ ತೆಗೆದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದೇ ಒಂದು ಮುಳ್ಳು ಉಳಿದಿದ್ದರೂ ಅದು ವೃತ್ತದಿಂದಾಚೆ ಚಾಚಿ, ಕೂತವರನ್ನು ನಡೆದವರೆಂದು ತೋರಿಸುತ್ತಿತ್ತು. ನಮ್ಮ ಮಾದರಿಯಲ್ಲಿ ಊಟ, ಕಲ್ಲು ಮಂಟಪದ ವಿರಾಮ, ಚಿಕ್ಕಪುಟ್ಟ ನಿಲುಗಡೆ ಎಲ್ಲ ಸೇರಿ ಎರಡು ತಾಸು. ತೆವಳಿದ ದೂರ 1.4 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಉಳಿದದ್ದು 14.1.

ಮೂರನೆಯದೇ ನಾಜೂಕಾದ ಕೆಲಸ: ನಡೆಯುವಾಗಿನ ಹೊಯ್ದಾಟವನ್ನು ಇಳಿಸುವುದು. ಮೊದಲು ಪ್ರತಿ ಬಿಂದುವಿನ ಜಾಗದಲ್ಲಿ, ಅದರ ಹಿಂದುಮುಂದಿನ ಒಟ್ಟು 15 ಸೆಕೆಂಡಿನ ಬಿಂದುಗಳ ಮಧ್ಯಕವನ್ನು ಇಡಬೇಕು, ಅಂದರೆ ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಬೆಲೆಯನ್ನು. ಸರಾಸರಿಗಿಂತ ಇದು ಮೇಲು, ಏಕೆಂದರೆ ತಪ್ಪಿಸಿಕೊಂಡು ಉಳಿದ ಒಂದೆರಡು ಕೆಟ್ಟ ಬಿಂದುಗಳು ಮಧ್ಯಕವನ್ನು ಎಳೆದಾಡಲಾರವು. ಆಮೇಲೆ ಬಿಂದುಗಳನ್ನು ವಿರಳ ಮಾಡಬೇಕು: ಒಂದರಿಂದ ಹೊರಟು, ಅದರಿಂದ ಕನಿಷ್ಠ 10 ಮೀಟರ್ ದೂರವಿರುವ ಮುಂದಿನ ಬಿಂದು ಸಿಗುವವರೆಗೆ ನಡುವಿನವನ್ನು ಬಿಡುತ್ತಾ ಹೋಗಬೇಕು. ಪೈಥಾಗರಸ್ ಇಲ್ಲಿ ನಮ್ಮ ಕಡೆಗೆ ಬರುತ್ತಾನೆ. 10 ಮೀಟರ್ ಮುಂದಿನ ನಡಿಗೆಗೆ 2 ಮೀಟರ್ ಪಕ್ಕದ ಹೊಯ್ದಾಟ ಸೇರಿದರೆ ಕರ್ಣ 10.2 ಮೀಟರ್, ಅಂದರೆ ಹೆಚ್ಚುವರಿ ಶೇಕಡಾ 2 ಮಾತ್ರ. ಹಾಗಾದರೆ 50 ಮೀಟರಿಗೊಂದು ಬಿಂದು ಇಟ್ಟರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ, ಏಕೆಂದರೆ ಆಗ ದಾರಿಯ ನಿಜವಾದ ತಿರುವುಗಳೇ ಕತ್ತರಿಸಿಹೋಗುತ್ತವೆ. 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ದಾರಿಗುಂಟ 10 ಮೀಟರಿಗೊಂದು ಬಿಂದು ಇಟ್ಟರೆ ಶೇಕಡಾ 4ರಷ್ಟು ಉದ್ದ ಕಳೆಯುತ್ತದೆ; 20 ಮೀಟರಿಗೊಂದು ಇಟ್ಟರೆ ಶೇಕಡಾ 16 ಕಳೆಯುತ್ತದೆ. ಕಾಡಿನ ಏರಿನಲ್ಲಿ ಬೇರುಗಳ ನಡುವೆ ಸುತ್ತಿ ಸುಳಿದು ಹೋಗುವ ದಾರಿಗೆ ಇದು ಸಣ್ಣ ನಷ್ಟವಲ್ಲ. ಹೊಯ್ದಾಟ ದೂರವನ್ನು ಹಿಗ್ಗಿಸುತ್ತದೆ, ವಿರಳತೆ ಕುಗ್ಗಿಸುತ್ತದೆ. ನಮಗೆ ಬೇಕಾದದ್ದು ಈ ಎರಡರ ನಡುವಿನ ಜಾಗ.

ಆ ಜಾಗವನ್ನು ಊಹಿಸಬೇಕಿಲ್ಲ, ದಾಖಲೆಯನ್ನೇ ಕೇಳಬಹುದು. ಬಿಂದುಗಳ ಅಂತರವನ್ನು 5, 10, 15, 20, 40 ಮೀಟರ್ ಎಂದು ಬದಲಿಸುತ್ತಾ ಪ್ರತಿ ಸಲ ಒಟ್ಟು ದೂರವನ್ನು ಲೆಕ್ಕ ಹಾಕಿ ಸಾಲಾಗಿ ಬರೆದುಕೊಳ್ಳಿ. ನಮ್ಮ ಮಾದರಿಯಲ್ಲಿ ಅದು ಕ್ರಮವಾಗಿ 13.1, 12.7, 12.6, 12.5, 11.9 ಕಿಲೋಮೀಟರ್ ಎಂದು ಬರುತ್ತದೆ ಎನ್ನೋಣ. ಮೊದಲು ಸಂಖ್ಯೆ ಜೋರಾಗಿ ಇಳಿಯುತ್ತದೆ. ಅದು ಹೊಯ್ದಾಟ ಉದುರುವ ಹಂತ. ಕೊನೆಗೆ ಮತ್ತೆ ಇಳಿಯುತ್ತದೆ. ಅದು ತಿರುವುಗಳು ಕತ್ತರಿಸಿಹೋಗುವ ಹಂತ. ನಡುವೆ 10ರಿಂದ 20 ಮೀಟರಿನವರೆಗೆ ಸಂಖ್ಯೆ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ. ಆ ಸಮತಟ್ಟೇ ನಮ್ಮ ಉತ್ತರ: 12.6 ಕಿಲೋಮೀಟರ್, ಅತ್ತಿತ್ತ 200 ಮೀಟರ್. ಸಮತಟ್ಟು ಎಲ್ಲಿಯೂ ಕಾಣದೆ ಸಂಖ್ಯೆ ಒಂದೇ ಸಮ ಇಳಿಯುತ್ತಾ ಹೋದರೆ, ದಾಖಲೆ ಅಷ್ಟು ಕೆಟ್ಟಿದೆ ಎಂದೇ ಅರ್ಥ. ಆಗ 12.6 ಎನ್ನದೆ 12ರಿಂದ 13ರ ನಡುವೆ ಎಂದಷ್ಟೇ ಹೇಳುವುದು ಪ್ರಾಮಾಣಿಕ. ಆ್ಯಪ್ ಹೇಳಿದ 16.4ಕ್ಕೂ ಇದಕ್ಕೂ ನಡುವಿನ ವ್ಯತ್ಯಾಸ 3.8 ಕಿಲೋಮೀಟರ್, ಅಂದರೆ ನಡೆದದ್ದರ ಶೇಕಡಾ 30. ಅದರಲ್ಲಿ 0.8 ಮುಳ್ಳುಗಳದ್ದು, ಉಳಿದ ಮೂರನ್ನು ಕೂತ ಹೊತ್ತಿನ ತೆವಳುವಿಕೆ ಮತ್ತು ನಡೆವಾಗಿನ ಹೊಯ್ದಾಟ ಸರಿಸುಮಾರು ಸಮನಾಗಿ ಹಂಚಿಕೊಂಡಿವೆ. ಹೆಚ್ಚಳ ಎಲ್ಲೆಲ್ಲಿಂದ ಬಂತು ಎಂದು ಹೀಗೆ ಬಿಡಿಸಿ ಹೇಳಲು ಸಾಧ್ಯವಾದಾಗಲೇ ಶುದ್ಧೀಕರಣ ನಂಬಲರ್ಹವಾಗುವುದು.

ಇಲ್ಲಿ ಒಂದು ಗಂಭೀರ ಆಕ್ಷೇಪ ಬರುತ್ತದೆ. ಮಿತಿಗಳನ್ನೆಲ್ಲ ನೀವೇ ಇಟ್ಟಿರಿ, 3 ಮೀಟರ್, 15 ಮೀಟರ್, 10 ಮೀಟರ್. ಬೇಕಾದ ಉತ್ತರ ಬರುವಂತೆ ಮಿತಿ ಹೊಂದಿಸಿಕೊಂಡರೆ ಇದು ಅಳತೆಯಾಗುವುದು ಹೇಗೆ? ಆಕ್ಷೇಪದಲ್ಲಿ ಹುರುಳಿದೆ, ಆದ್ದರಿಂದ ಹೊರಗಿನ ಪರೀಕ್ಷೆ ಬೇಕು. ಕುಮಾರ ಪರ್ವತದಂಥ ಚಾರಣದಲ್ಲಿ ಆ ಪರೀಕ್ಷೆ ತಾನಾಗಿ ಒದಗುತ್ತದೆ. ಕುಕ್ಕೆಯಿಂದ ಹತ್ತಿ ಕುಕ್ಕೆಗೇ ಇಳಿಯುವವರು ಒಂದೇ ದಾರಿಯನ್ನು ಎರಡು ಸಲ ಅಳೆದಿರುತ್ತಾರೆ. ಹೊತ್ತು ಬೇರೆ, ಉಪಗ್ರಹಗಳ ಜೋಡಣೆ ಬೇರೆ, ನಡಿಗೆಯ ವೇಗ ಬೇರೆ, ವಿಶ್ರಾಂತಿ ಬೇರೆ. ಬದಲಾಗದೆ ಉಳಿದದ್ದು ದಾರಿಯ ಉದ್ದ ಒಂದೇ. ಹತ್ತುವಾಗಿನ ದಾಖಲೆ ನೋಡಿ ಮಿತಿಗಳನ್ನು ನಿಗದಿ ಮಾಡಿಕೊಂಡು, ಅವನ್ನು ಒಂದಿಷ್ಟೂ ಬದಲಿಸದೆ ಇಳಿಯುವಾಗಿನ ದಾಖಲೆಗೆ ಹಚ್ಚಬೇಕು. ಕಚ್ಚಾ ಸಂಖ್ಯೆಗಳು ಎಷ್ಟೇ ದೂರವಿದ್ದರೂ ಶುದ್ಧ ಸಂಖ್ಯೆಗಳೆರಡೂ ಶೇಕಡಾ 2ರೊಳಗೆ ಕೂಡಿಕೊಂಡರೆ ಮಿತಿಗಳು ಸರಿಯಾಗಿವೆ. ಕೂಡದಿದ್ದರೆ ಎಲ್ಲೋ ತಪ್ಪಿದೆ, ಉತ್ತರ ಎಷ್ಟು ಚೆಂದ ಕಂಡರೂ ಒಪ್ಪಬಾರದು. ಎರಡನೆಯ ಪರೀಕ್ಷೆಯೂ ಇದೆ. ಭಟ್ಟರ ಮನೆಯ ಕೆಳಗಿನ ಕಾಡಿನ ಭಾಗವನ್ನೂ ಮೇಲಿನ ಹುಲ್ಲುಗುಡ್ಡದ ಭಾಗವನ್ನೂ ಬೇರೆ ಮಾಡಿ, ಶುದ್ಧೀಕರಣದಿಂದ ಎಲ್ಲೆಲ್ಲಿ ಎಷ್ಟೆಷ್ಟು ಕಳೆಯಿತು ಎಂದು ನೋಡಬೇಕು. ಕಾಡಿನಲ್ಲಿ ಹೆಚ್ಚು, ತೆರೆದ ಗುಡ್ಡದಲ್ಲಿ ಕಡಿಮೆ ಕಳೆದಿದ್ದರೆ ನಾವು ತೆಗೆದದ್ದು ಸಂಕೇತದ ದೋಷವನ್ನೇ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಕಳೆದಿದ್ದರೆ ದೋಷದ ಜೊತೆಗೆ ನಿಜವಾದ ದಾರಿಯನ್ನೂ ಅಳಿಸಿದ್ದೇವೆ ಎಂಬ ಅನುಮಾನ ಬರಬೇಕು. ಕಚ್ಚಾ ಕಡತವನ್ನು ಎಂದೂ ಅಳಿಸದೆ ಹಾಗೆಯೇ ಇಟ್ಟುಕೊಳ್ಳಬೇಕಾದದ್ದು ಇದಕ್ಕಾಗಿಯೇ.

ಎತ್ತರದ ಮಾತೂ ಬರುತ್ತದೆ. ಕುಮಾರ ಪರ್ವತದ ತುದಿ ಸಮುದ್ರಮಟ್ಟದಿಂದ 1,712 ಮೀಟರ್, ಏರು ಸುಮಾರು 1,600 ಮೀಟರ್. ಭೂಪಟದ ಮೇಲಿನ ದೂರಕ್ಕೆ ಏರಿನ ದೂರವನ್ನು ಸೇರಿಸಬೇಡವೇ ಎಂದು ಕೇಳುವವರಿದ್ದಾರೆ. ತತ್ವದಲ್ಲಿ ಸೇರಿಸಬೇಕು. ಆದರೆ 12.6 ಕಿಲೋಮೀಟರಿಗೆ 1.6 ಕಿಲೋಮೀಟರ್ ಏರನ್ನು ಪೈಥಾಗರಸ್ ರೀತಿಯಲ್ಲಿ ಸೇರಿಸಿದರೆ ಬರುವುದು 12.7. ಇಷ್ಟು ಕಡಿದಾದ ಏರಿಗೂ ಹೆಚ್ಚಳ ಶೇಕಡಾ ಒಂದನ್ನು ಮುಟ್ಟುವುದಿಲ್ಲ. ದಾರಿಯುದ್ದಕ್ಕೂ ಪ್ರತಿ 100 ಮೀಟರಿಗೆ 20 ಮೀಟರ್ ಏರಿದರೂ ಅದು ಶೇಕಡಾ 2 ಮಾತ್ರ. ಜಿಪಿಎಸ್‌ನ ಎತ್ತರವಾದರೋ ಸ್ಥಳಕ್ಕಿಂತಲೂ ಹೆಚ್ಚು ಹೊಯ್ದಾಡುತ್ತದೆ, ಏಕೆಂದರೆ ಉಪಗ್ರಹಗಳೆಲ್ಲ ನಮ್ಮ ಮೇಲಿರುತ್ತವೆ, ಕೆಳಗಿನಿಂದ ಸರಿದೂಗಿಸುವ ಒಂದೂ ಇರುವುದಿಲ್ಲ. ಸೆಕೆಂಡಿಗೊಮ್ಮೆ ಆ ಎತ್ತರವನ್ನು ಕೂಡಿಸುತ್ತಾ ಹೋದರೆ ಶೇಕಡಾ ಒಂದರ ತಪ್ಪನ್ನು ತಿದ್ದಲು ಶೇಕಡಾ ಹತ್ತಿಪ್ಪತ್ತರ ತಪ್ಪನ್ನು ಮನೆಗೆ ಕರೆದಂತಾಗುತ್ತದೆ. ಏರನ್ನು ಕೊನೆಯಲ್ಲಿ ಒಮ್ಮೆ, ಒಟ್ಟಾಗಿ ಸೇರಿಸುವುದೇ ಜಾಣತನ. ಹೊಸ ಫೋನುಗಳು ಎರಡು ತರಂಗಾಂತರಗಳಲ್ಲಿ ಸಂಕೇತ ಹಿಡಿಯುತ್ತವೆ, ಕೆಲವು ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಬಳಸುತ್ತವೆ, ಇನ್ನು ಈ ರಗಳೆ ಏಕೆ ಎಂಬುದು ಇನ್ನೊಂದು ಆಕ್ಷೇಪ. ಆ ಎರಡರಲ್ಲಿ ಹೊಸದಾದ ಎಲ್5 ಸಂಕೇತ ಹಳೆಯದಕ್ಕಿಂತ ಹತ್ತು ಪಟ್ಟು ಸೂಕ್ಷ್ಮವಾದ ಅಳತೆಪಟ್ಟಿಯ ಮೇಲೆ ಕೆಲಸ ಮಾಡುವುದರಿಂದ, ಬಳಸಿ ಬಂದ ಸಂಕೇತವನ್ನು ನೇರ ಬಂದದ್ದರಿಂದ ಬೇರ್ಪಡಿಸುವುದು ನಿಜಕ್ಕೂ ಸುಲಭವಾಗಿದೆ. ಹೊಯ್ದಾಟ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಉಳಿದ ಹೊಯ್ದಾಟವೂ ದೂರವನ್ನು ಹಿಗ್ಗಿಸುವ ಕಡೆಗೇ ವಾಲುತ್ತದೆ. ಒಳ್ಳೆಯ ಫೋನಿನಲ್ಲಿ ಸಮತಟ್ಟು 10 ಮೀಟರಿನ ಬದಲು 5 ಮೀಟರಿನಿಂದಲೇ ಶುರುವಾಗಬಹುದು. ಹುಡುಕುವ ವಿಧಾನ ಮಾತ್ರ ಅದೇ.

ಇನ್ನು ವೇಗ. ದೂರ ಸರಿಯಾದ ಮೇಲೆ ವೇಗ ತಾನಾಗಿ ಸರಿಹೋಗುತ್ತದೆ ಎನ್ನುವಂತಿಲ್ಲ, ಏಕೆಂದರೆ ವೇಗ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಸಂಖ್ಯೆಗಳಿವೆ. 12.6 ಕಿಲೋಮೀಟರನ್ನು ಒಟ್ಟು 7 ತಾಸಿನಿಂದ ಭಾಗಿಸಿದರೆ ತಾಸಿಗೆ 1.8, ಇದು ಪ್ರಯಾಣದ ವೇಗ. ಕೂತ ಎರಡು ತಾಸು ಕಳೆದು 5 ತಾಸಿನಿಂದ ಭಾಗಿಸಿದರೆ 2.5, ಇದು ನಡಿಗೆಯ ವೇಗ. ಕಚ್ಚಾ ದಾಖಲೆಯಲ್ಲಿ ತೆವಳುವ ಬಿಂದು ಕೂತ ಹೊತ್ತನ್ನೂ ನಡೆದ ಹೊತ್ತಾಗಿ ತೋರಿಸುವುದರಿಂದ ಈ ಎರಡನೆಯ ಸಂಖ್ಯೆ ನಂಬಲರ್ಹವಾಗಿ ಸಿಗುವುದೇ ಇಲ್ಲ. ಮೂರನೆಯದು ಕ್ಷಣದ ವೇಗ. ಇದಕ್ಕೆ ಎಷ್ಟು ಹೊತ್ತಿನ ಕಿಟಕಿ ಇಟ್ಟು ನೋಡುತ್ತೇವೆ ಎಂಬುದೇ ಮುಖ್ಯ. ಎರಡು ತುದಿಗಳ ಬಿಂದುಗಳು ತಲಾ 5 ಮೀಟರ್ ತಪ್ಪಿದರೆ ನಡುವಿನ ದೂರದಲ್ಲಿ ಸುಮಾರು 7 ಮೀಟರ್ ತಪ್ಪು ಬರಬಹುದು. ನಿಮಿಷಕ್ಕೆ 42 ಮೀಟರ್ ನಡೆಯುವವರ ವೇಗದಲ್ಲಿ ಅದು ಶೇಕಡಾ 17ರ ತಪ್ಪು. ಐದು ನಿಮಿಷದ ಕಿಟಕಿಯಲ್ಲಿ ಶೇಕಡಾ 3ಕ್ಕೆ ಇಳಿಯುತ್ತದೆ. ಫೋನ್ ವೇಗವನ್ನು ಡಾಪ್ಲರ್ ಪರಿಣಾಮದಿಂದ ನೇರವಾಗಿಯೂ ಅಳೆಯುತ್ತದಲ್ಲ ಎನ್ನಬಹುದು. ಹೌದು, ಬಿಂದುಗಳಿಂದ ಲೆಕ್ಕ ಹಾಕಿದ ಕ್ಷಣವೇಗಕ್ಕಿಂತ ಅದು ಮೇಲು. ಆದರೆ ಆ ವೇಗಗಳನ್ನು ಸೆಕೆಂಡು ಸೆಕೆಂಡಿಗೂ ಕೂಡಿಸಿ ದೂರ ಮಾಡಿದರೆ ಮತ್ತೆ ಅದೇ ಕಥೆ: ಕೂತಾಗಲೂ ವೇಗ ಸೊನ್ನೆಗಿಂತ ಸ್ವಲ್ಪ ಮೇಲೇ ಇರುತ್ತದೆ, ಕೆಳಗಿಳಿಯುವುದಿಲ್ಲ. ಮೇಲಾಗಿ ಈಗ ಬಳಕೆಯಲ್ಲಿರುವ ಜಿಪಿಎಕ್ಸ್ 1.1ರಲ್ಲಿ ವೇಗಕ್ಕೆಂದು ಗೊತ್ತುಪಡಿಸಿದ ಜಾಗವೇ ಇಲ್ಲ. ಹೆಚ್ಚುವರಿ ಮಾಹಿತಿಯಾಗಿ ಆ್ಯಪ್ ಬರೆದಿದ್ದರೆ ಮಾತ್ರ ಸಿಗುತ್ತದೆ. ನಮ್ಮ ಉತ್ತರವನ್ನು ಒರೆಗೆ ಹಚ್ಚಲು ಹಳೆಯದೊಂದು ಸೂತ್ರವೂ ಇದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ ಕೊಟ್ಟ ಲೆಕ್ಕ ಅದು: ಪ್ರತಿ 5 ಕಿಲೋಮೀಟರಿಗೆ ಒಂದು ತಾಸು, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ತಾಸು. 12.6 ಕಿಲೋಮೀಟರಿಗೆ ಎರಡೂವರೆ ತಾಸು, 1,600 ಮೀಟರ್ ಏರಿಗೆ 2 ತಾಸು 40 ನಿಮಿಷ. ಒಟ್ಟು 5 ತಾಸು 10 ನಿಮಿಷ. ನಮ್ಮ ನಡಿಗೆಯ 5 ತಾಸಿಗೆ ಇದು ಹತ್ತಿರವೇ ಇದೆ. ನೇಸ್ಮಿತ್ ಸೂತ್ರ ಅಂದಾಜು ಮಾತ್ರ, ಅದು ಯಾವುದನ್ನೂ ಸಾಬೀತು ಮಾಡದು. ಆದರೆ ಉತ್ತರ ಅದರಿಂದ ಬಹಳ ದೂರ ಬಿದ್ದಿದ್ದರೆ ಲೆಕ್ಕವನ್ನು ಮತ್ತೊಮ್ಮೆ ನೋಡಲು ಅದು ಸಾಕಷ್ಟು ಕಾರಣ.

ಇಷ್ಟೆಲ್ಲ ಲೆಕ್ಕದಿಂದ ಆಗಬೇಕಾದ್ದೇನು, ಗುಡ್ಡ ಹತ್ತಿದ್ದು ಮುಖ್ಯವಲ್ಲವೇ ಎಂಬುದು ಕೊನೆಯ ಆಕ್ಷೇಪ. ಅದೇ ಗುಡ್ಡವನ್ನು ಮತ್ತೆ ಹತ್ತುವುದಾದರೆ ತಪ್ಪು ಅಷ್ಟಾಗಿ ಕಾಡದು. ಹಿಗ್ಗಿದ ದೂರವನ್ನು ಹಿಗ್ಗಿದ ವೇಗದಿಂದ ಭಾಗಿಸಿದರೆ ಹೊತ್ತು ಸರಿಯಾಗಿಯೇ ಬರುತ್ತದೆ. ಅಪಾಯ ಇರುವುದು ಆ ವೇಗವನ್ನು ಬೇರೊಂದು ದಾರಿಗೆ ಕೊಂಡೊಯ್ದಾಗ. ಇಷ್ಟೇ ಏರಿಳಿತವಿರುವ, ಭೂಪಟದ ಮೇಲೆ ಸರಿಯಾಗಿ ಅಳೆದ 20 ಕಿಲೋಮೀಟರಿನ ದಾರಿಯೊಂದಿದೆ ಎನ್ನೋಣ. ಆ್ಯಪ್ ಹೇಳಿದ 16.4 ಕಿಲೋಮೀಟರನ್ನು ನಂಬಿದವರ ಪ್ರಯಾಣದ ವೇಗ ತಾಸಿಗೆ 2.3ರಷ್ಟಿದೆ. ಅದರಂತೆ ಬೆಳಿಗ್ಗೆ 7ಕ್ಕೆ ಹೊರಟವರು ಮಧ್ಯಾಹ್ನ ಮೂರೂವರೆಗೆ ಮುಟ್ಟಬೇಕು. ನಿಜವಾದ ವೇಗ 1.8. ಅವರು ಮುಟ್ಟುವುದು ಸಂಜೆ 6 ದಾಟಿದ ಮೇಲೆ. ಚಾರಣದ ಹಂಗಾಮಾದ ನವೆಂಬರ್ ಡಿಸೆಂಬರಿನಲ್ಲಿ ಘಟ್ಟದ ಕಾಡಿನೊಳಗೆ ಆ ಹೊತ್ತಿಗೆ ಕತ್ತಲು. ಎರಡೂವರೆ ತಾಸಿನ ಈ ಅಂತರ ಹುಟ್ಟಿದ್ದು ಕೂತ ಜಾಗದಲ್ಲಿ ತೆವಳಿದ ಬಿಂದುಗಳಿಂದ, ಪಕ್ಕಕ್ಕೆ ಹೊಯ್ದಾಡಿದ ಗೆರೆಗಳಿಂದ. ಆದ್ದರಿಂದ ದಾರಿಯ ದೂರವನ್ನು ಇನ್ನೊಬ್ಬರಿಗೆ ಹೇಳುವಾಗ ಬರೀ ಸಂಖ್ಯೆ ಹೇಳಿ ಬಿಡಬಾರದು. ಕುಕ್ಕೆಯಿಂದ ತುದಿಗೆ 12.6 ಕಿಲೋಮೀಟರ್, ಅತ್ತಿತ್ತ 200 ಮೀಟರ್. ವಿಶ್ರಾಂತಿ ತೆಗೆದು, ಬಿಂದುಗಳನ್ನು 15 ಮೀಟರ್ ಅಂತರದಲ್ಲಿಟ್ಟು ಅಳೆದದ್ದು. ನಡೆದ ಹೊತ್ತು 5 ತಾಸು, ಕೂತದ್ದು 2 ತಾಸು. ಇಷ್ಟು ಹೇಳಿದರೆ ಕೇಳಿದವರು ಅದನ್ನು ತಮ್ಮ ಅಳತೆಗೆ ಹೋಲಿಸಿ ನೋಡಬಲ್ಲರು, ತಪ್ಪಿದ್ದರೆ ತಿದ್ದಬಲ್ಲರು, ತಮ್ಮ ದಿನವನ್ನು ಅದರ ಮೇಲೆ ಯೋಜಿಸಬಲ್ಲರು. ಹೇಗೆ ಅಳೆದದ್ದು ಎಂಬುದನ್ನು ಬಿಟ್ಟು ಹೇಳಿದ ದೂರದಿಂದ ಈ ಮೂರರಲ್ಲಿ ಒಂದೂ ಸಾಧ್ಯವಿಲ್ಲ.